ಬೆಡ್‌ಶೀಟ್ ಲಿಸ್ಟಿಂಗ್‌ನಲ್ಲಿ ಸಪ್ಲೈಯರ್ ಹೇಳಿದ ಅಂಕಿಗಳನ್ನೇ ಹಾಕಬಹುದಾ?

ಪ್ರಶ್ನೆ: ಕರೂರಿನಿಂದ ಡಬಲ್ ಬೆಡ್‌ಶೀಟ್ ತರಿಸಿ ಆನ್‌ಲೈನ್‌ನಲ್ಲಿ ಮಾರಲು ಹೊರಟಿದ್ದೇನೆ. ಸಪ್ಲೈಯರ್ "ಪ್ಯೂರ್ ಕಾಟನ್, 400 ಟಿಸಿ, 120 ಜಿಎಸ್‌ಎಂ, 90×100 ಇಂಚು, ಕಿಂಗ್ ಸೈಜ್" ಅಂತ ಹೇಳಿದ್ದಾರೆ. ಇದನ್ನೇ ಲಿಸ್ಟಿಂಗ್‌ನಲ್ಲಿ ಹಾಕಿದರೆ ಸಾಕಾ?

ಸಾಲದು. ಒಂದು ಶೀಟ್ ಬಿಚ್ಚಿ ನೀವೇ ಎಣಿಸಿ, ತೂಗಿ, ಒಗೆದು ನೋಡುವವರೆಗೆ ಯಾವ ಅಂಕಿಯನ್ನೂ ಹಾಕಬೇಡಿ. ನಾನು ಬೆಂಗಳೂರಿನಲ್ಲಿ ಬೆಡ್‌ಶೀಟ್, ಟವೆಲ್ ಮಾರುತ್ತೇನೆ. ಹೆಚ್ಚುಕಡಿಮೆ ಇದೇ ವಿವರ ಬರೆದಿದ್ದ ಲಾಟ್ ಒಂದು ನನ್ನ ಹತ್ತಿರವೂ ಬಂದಿತ್ತು. ಅದರಲ್ಲಿ ಏನು ಸಿಕ್ಕಿತು ಅಂತ ಹೇಳಿದರೆ ನಿಮಗೆ ದಾರಿ ಗೊತ್ತಾಗುತ್ತದೆ.

ಮೊದಲು 400 ಟಿಸಿ, ಅಂದರೆ ಥ್ರೆಡ್ ಕೌಂಟ್. ಒಂದು ಚದರ ಇಂಚಿನಲ್ಲಿರುವ ಹಾಸಿನ ಎಳೆ ಮತ್ತು ಹೊಕ್ಕಿನ ಎಳೆ ಎರಡನ್ನೂ ಕೂಡಿಸಿದರೆ ಬರುವುದೇ ಥ್ರೆಡ್ ಕೌಂಟ್. ಎಣಿಸಲು ಒಂದು ಇಂಚಿನ ಪಿಕ್ ಗ್ಲಾಸ್ ಬೇಕು, ಅಂದರೆ ಮಡಚುವ ಸಣ್ಣ ಭೂತಗನ್ನಡಿ. ದೊಡ್ಡ ಬೆಲೆಯದ್ದೇನಲ್ಲ. ಬಟ್ಟೆಯನ್ನು ಎಳೆಯದೆ ಮೇಜಿನ ಮೇಲೆ ಹರಡಿ, ಗ್ಲಾಸ್ ಇಟ್ಟು, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎಣಿಸಬೇಕು. ಶೀಟಿನ ಅಂಚಿನ ಹತ್ತಿರ ಬೇಡ, ಅಲ್ಲಿ ಎಳೆ ದಟ್ಟವಾಗಿರುತ್ತದೆ. ಮೂರ್ನಾಲ್ಕು ಜಾಗದಲ್ಲಿ ಎಣಿಸಿ ಸರಾಸರಿ ತೆಗೆಯಿರಿ. ನನ್ನ ಶೀಟಿನಲ್ಲಿ ಹಾಸು 112, ಹೊಕ್ಕು 88 ಬಂತು. ಒಟ್ಟು 200.

ಹಾಗಾದರೆ 400 ಎಲ್ಲಿಂದ ಬಂತು? ಒಂದು ಎಳೆ ಹೊರಗೆ ಎಳೆದು, ಎರಡು ತುದಿ ಹಿಡಿದು ಹುರಿ ಬಿಚ್ಚಿ ನೋಡಿದೆ. ಎರಡು ಸಣ್ಣ ನೂಲು ಬೇರೆಯಾದವು. ಅದು 2 ಪ್ಲೈ ನೂಲು, 80ರ ಕೌಂಟಿನ ಎರಡು ನೂಲು ಸೇರಿಸಿ ಹುರಿ ಮಾಡಿದ್ದು. ನೂಲಿನ ಕೌಂಟ್ ಅಂದರೆ ನೂಲು ಎಷ್ಟು ಸಣ್ಣ ಅನ್ನುವ ಅಂಕಿ, ಅಂಕಿ ದೊಡ್ಡದಾದಷ್ಟೂ ನೂಲು ಸಣ್ಣ. 80ರ ಎರಡು ನೂಲು ಸೇರಿದರೆ 40ರ ಒಂದು ನೂಲಿಗೆ ಸಮ. ಸಪ್ಲೈಯರ್ ಪ್ರತಿ ಎಳೆಯನ್ನೂ ಎರಡು ಅಂತ ಲೆಕ್ಕ ಹಾಕಿದ್ದರು. ಸಾವಿರ ಟಿಸಿ ಅಂತ ಮಾರುವ ಶೀಟುಗಳ ಹಿಂದೆ ಇರುವುದೂ ಸಾಮಾನ್ಯವಾಗಿ ಇಂಥದ್ದೇ ಲೆಕ್ಕ. ಪ್ಲೈ ಎಷ್ಟೇ ಇರಲಿ, ನೇಯ್ಗೆಯಲ್ಲಿ ಅದು ಒಂದೇ ಎಳೆ. ಅಮೆರಿಕದಲ್ಲೂ ಈ ಜಗಳ ನಡೆದು, 2005ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ ಇಂಥ ಶೀಟನ್ನು "300 ಥ್ರೆಡ್ ಕೌಂಟ್, 2 ಪ್ಲೈ ನೂಲು" ಎಂಬಂತೆ ಬರೆಯುವುದು ಸರಿ, 600 ಅಂತ ಬರೆದರೆ ಗ್ರಾಹಕರಿಗೆ ದಾರಿ ತಪ್ಪಿಸಿದಂತೆ ಎಂಬ ಅಭಿಪ್ರಾಯ ಕೊಟ್ಟರು. ನಾನೂ ಹಾಗೆಯೇ ಬರೆಯುತ್ತೇನೆ: 200 ಟಿಸಿ, 2 ಪ್ಲೈ. ಚೆನ್ನಾಗಿ ನೇಯ್ದ 200 ಟಿಸಿ ಕಾಟನ್ ಒಳ್ಳೆಯ ಶೀಟೇ. ಅದಕ್ಕೆ ಸುಳ್ಳು ಹೇಳುವ ಅಗತ್ಯವೇ ಇಲ್ಲ.

ಫೋನಿನಲ್ಲೇ ಮಾಡಬಹುದಾದ ಒಂದು ಲೆಕ್ಕ ಇದೆ. ಟಿಸಿಯನ್ನು ನೂಲಿನ ಕೌಂಟ್‌ನಿಂದ ಭಾಗಿಸಿ 24ರಿಂದ ಗುಣಿಸಿದರೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ, ಸುಮಾರಾಗಿ ಸಿಗುತ್ತದೆ. 40ರ ನೂಲಿನಲ್ಲಿ 200 ಟಿಸಿ ಅಂದರೆ 120 ಜಿಎಸ್‌ಎಂ. ಅದೇ 40ರ ನೂಲಿನಲ್ಲಿ 400 ಟಿಸಿ ಅಂದರೆ 240 ಆಗಬೇಕು, ಅಷ್ಟು ದಪ್ಪದ ಶೀಟ್ ಯಾರೂ ಹೊದೆಯುವುದಿಲ್ಲ. ಆದರೆ 80ರ ಸಿಂಗಲ್ ನೂಲಿನಲ್ಲಿ 400 ಟಿಸಿ ನೇಯ್ದರೂ 120 ಬರುತ್ತದೆ, ಅದು ನಿಜಕ್ಕೂ ನಯವಾದ, ದುಬಾರಿ ಬಟ್ಟೆ. ಹಾಗಾಗಿ ನಿಮ್ಮ ಸಪ್ಲೈಯರ್ ಹೇಳಿದ್ದು ನಿಜವೂ ಇರಬಹುದು. ಅದಕ್ಕೇ ಲೆಕ್ಕ ಮಾತ್ರ ಸಾಲದು, ಎಣಿಸಲೇಬೇಕು. ಯಾರಾದರೂ 90 ಜಿಎಸ್‌ಎಂನಲ್ಲಿ 1000 ಟಿಸಿ ಕಾಟನ್ ಅಂದರೆ ಮಾತ್ರ ಎಣಿಸುವ ಕೆಲಸವೇ ಇಲ್ಲ. ಅದಕ್ಕೆ 270ರ ಹತ್ತಿರದ ನೂಲು ಬೇಕು, ಈ ಮಾರುಕಟ್ಟೆಯಲ್ಲಿ ಅದು ಆಗದ ಮಾತು.

ಜಿಎಸ್‌ಎಂ ನೋಡಲು ಲ್ಯಾಬ್ ಬೇಡ. ಇಡೀ ಶೀಟ್ ತೂಗಿ, ಉದ್ದ ಅಗಲ ಮೀಟರ್‌ನಲ್ಲಿ ಗುಣಿಸಿ ಭಾಗಿಸಿ. ನನ್ನದು 670 ಗ್ರಾಂ ಇತ್ತು, ವಿಸ್ತೀರ್ಣ 5.57 ಚದರ ಮೀಟರ್, ಅಂದರೆ 120. ಸರಿಯಾಗಿದೆ ಅನಿಸುತ್ತದೆ, ಅಲ್ವಾ? ಒಗೆದು ಚೆನ್ನಾಗಿ ಒಣಗಿಸಿ ಮತ್ತೆ ತೂಗಿದೆ. 640 ಗ್ರಾಂ. ಕಡಿಮೆಯಾದ 30 ಗ್ರಾಂ ಗಂಜಿ ಮತ್ತು ಫಿನಿಶಿಂಗ್‌ನದ್ದು. ಇಲ್ಲಿ ಒಂದು ವಿಷಯ ಗಮನಿಸಿ. ಒಗೆದ ಮೇಲೆ ಶೀಟ್ ಕುಗ್ಗಿರುತ್ತದೆ, ಆದ್ದರಿಂದ ಜಿಎಸ್‌ಎಂ ಮತ್ತೆ ಲೆಕ್ಕ ಹಾಕಿದರೆ ಕಡಿಮೆ ಆಗುವ ಬದಲು ಜಾಸ್ತಿಯೇ ಬರಬಹುದು. ಗಂಜಿ ಎಷ್ಟಿದೆ ಅಂತ ತಿಳಿಯಬೇಕಾದರೆ ಇಡೀ ಶೀಟಿನ ತೂಕವನ್ನೇ ಹೋಲಿಸಬೇಕು. ಒಗೆದ ತೂಕವನ್ನು ಹೊಸ ಶೀಟಿನ ವಿಸ್ತೀರ್ಣದಿಂದ ಭಾಗಿಸಿದರೆ 115 ಬಂತು. ನಾನು ಲಿಸ್ಟಿಂಗ್‌ನಲ್ಲಿ ಹಾಕಿದ್ದು ಅದನ್ನೇ. ಮಳೆಗಾಲದಲ್ಲಿ ಕಾಟನ್ ತೇವ ಹೀರುತ್ತದೆ, ಆಗ ತೂಗಿದರೆ ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸ ಸಹಜ.

ಪ್ಯೂರ್ ಕಾಟನ್ ಹೌದಾ ಅಂತ ನೋಡಲು ಹಾಸಿನ ಎಳೆಯನ್ನೂ ಹೊಕ್ಕಿನ ಎಳೆಯನ್ನೂ ಬೇರೆ ಬೇರೆಯಾಗಿ ಸುಡಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತ ನೂಲಾದರೆ ಬೂದಿಯಲ್ಲಿ ಗಟ್ಟಿ ಕಣಗಳು ಸಿಗುತ್ತವೆ, ಆದರೆ ಎಷ್ಟು ಪಾಲು ಅಂತ ಹೇಳಲು ಲ್ಯಾಬೇ ಬೇಕು. "ಗ್ಲೇಸ್ ಕಾಟನ್" ಅಂತ ಬರುವ ಶೀಟುಗಳಲ್ಲಿ ನಾನು ಸುಟ್ಟು ನೋಡಿದವು ಬಹುಪಾಲು ಪಾಲಿಯೆಸ್ಟರ್ ಮೈಕ್ರೋಫೈಬರ್. ಅದನ್ನು ಮೈಕ್ರೋಫೈಬರ್ ಅಂತಲೇ ಬರೆಯಿರಿ. ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ ಅಂತ ಅದನ್ನೇ ಕೇಳಿ ತೆಗೆದುಕೊಳ್ಳುವವರೂ ಇದ್ದಾರೆ.

ಜಾಸ್ತಿ ರಿಟರ್ನ್ ಬರುವುದು ಅಳತೆಯಿಂದ. 90×100 ಅನ್ನುವುದು ಹೆಚ್ಚಾಗಿ ಕತ್ತರಿಸಿದ ಬಟ್ಟೆಯ ಅಳತೆ. ಎರಡೂ ತುದಿಯಲ್ಲಿ ಒಂದೂವರೆ ಇಂಚು ಮಡಚಿ ಹೊಲಿದರೆ 100 ಇಂಚು 97 ಆಗುತ್ತದೆ. ನನ್ನ ಶೀಟ್ ಹೊಲಿದ ಮೇಲೆ 89×97 ಇತ್ತು, ಒಗೆದ ಮೇಲೆ 87×93. ಈಗ ಕಿಂಗ್ ಹಾಸಿಗೆಗೆ ಹಾಕಿ ನೋಡಿ. 78×72 ಇಂಚು, ದಪ್ಪ 8 ಇಂಚು. ಎರಡೂ ಕಡೆ ಕೆಳಗಿನವರೆಗೆ ಇಳಿಯಬೇಕಾದರೆ ಅಗಲ 88, ಉದ್ದ 94 ಬೇಕು. ಒಗೆದ ಶೀಟ್ ಅಷ್ಟೂ ಮುಟ್ಟುವುದಿಲ್ಲ, ಸಿಕ್ಕಿಸುವ ಮಾತು ದೂರ. ಅದೇ 78×60ರ ಕ್ವೀನ್ ಹಾಸಿಗೆ, 6 ಇಂಚು ದಪ್ಪದ್ದಾದರೆ ಎರಡೂ ಪಕ್ಕದಲ್ಲಿ ಏಳೂವರೆ ಇಂಚು ಸಿಕ್ಕಿಸಲು ಉಳಿಯುತ್ತದೆ. ಹಾಗಾಗಿ ಕಿಂಗ್ ಅನ್ನುವ ಪದ ತೆಗೆದೆ. ಹೀಗೆ ಬರೆದೆ: "ಹೊಲಿದ ಅಳತೆ 89×97 ಇಂಚು. ಒಗೆದ ಮೇಲೆ ಸುಮಾರು 87×93. 78×60 ಇಂಚಿನ, 6 ಇಂಚು ದಪ್ಪದ ಹಾಸಿಗೆಗೆ ಸರಿಹೋಗುತ್ತದೆ. 78×72ಕ್ಕೆ ಚಿಕ್ಕದಾಗುತ್ತದೆ." ಕೊನೆಯ ವಾಕ್ಯ ನೋಡಿ ಕೆಲವರು ಬಿಟ್ಟು ಹೋಗುತ್ತಾರೆ. ಅವರು ಹೇಗೂ ವಾಪಸ್ ಕಳಿಸುವವರೇ, ಆಗ ಎರಡೂ ಕಡೆಯ ಕೊರಿಯರ್ ಖರ್ಚು ನಿಮ್ಮ ತಲೆಗೆ ಬರುತ್ತಿತ್ತು.

ಇಷ್ಟನ್ನೂ ಪ್ರತಿ ಲಾಟ್‌ನಲ್ಲಿ ಒಂದು ಶೀಟಿಗಾದರೂ ಮಾಡಿ. ಒಂದೇ ಡಿಸೈನ್ ಆದರೂ ಮುಂದಿನ ಲಾಟ್‌ನಲ್ಲಿ ಹೊಕ್ಕಿನ ಎಳೆ 88ರ ಬದಲು 76 ಇರುವುದುಂಟು. ಕಣ್ಣಿಗೆ ಗೊತ್ತಾಗದು, ಮಗ್ಗಕ್ಕೆ ಮಾತ್ರ ನೂಲು ಉಳಿಯುತ್ತದೆ. ಮುಂದಿನ ಆರ್ಡರ್ ಕೊಡುವಾಗ ಸಪ್ಲೈಯರ್‌ಗೆ ಟಿಸಿ ಕೇಳಬೇಡಿ. ಹಾಸಿನ ಕೌಂಟ್, ಹೊಕ್ಕಿನ ಕೌಂಟ್, ಪ್ಲೈ, ಇಂಚಿಗೆ ಎಷ್ಟೆಷ್ಟು ಎಳೆ, ಹೊಲಿದ ಅಳತೆ, ಇವನ್ನು ಬಿಲ್ಲಿನಲ್ಲೇ ಬರೆದು ಕೊಡಿ ಅನ್ನಿ.