ಉದ್ಯಮಿಗಳ ಸಭೆಯಲ್ಲಿ ಪರಿಚಯ: ಬಾಯಿಪಾಠವೂ ಬೇಡ, ತಡವರಿಕೆಯೂ ಬೇಡ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಹೈಡ್ರಾಲಿಕ್ ಮ್ಯಾನಿಫೋಲ್ಡ್ ಬ್ಲಾಕ್‌ಗಳ ಜಾಬ್ ವರ್ಕ್ ಮಾಡುತ್ತೇವೆ. ಉದ್ಯಮಿಗಳ ಸಭೆಗಳಲ್ಲಿ ನನ್ನ ಪರಿಚಯ ಹೇಳಿಕೊಳ್ಳಲು ಬರೆದು ಬಾಯಿಪಾಠ ಮಾಡಿದರೆ ಶಾಲೆಯ ಭಾಷಣದಂತೆ ಕೇಳಿಸುತ್ತದೆ, ಮಾಡದಿದ್ದರೆ ತಡವರಿಸುತ್ತೇನೆ. ಹೇಗೆ ತಯಾರಾಗಬೇಕು?

ಉತ್ತರ: ಮೊದಲು ಆ ಬರೆದಿಟ್ಟ ಹಾಳೆಯನ್ನು ಪಕ್ಕಕ್ಕಿಡಿ. ನಾನು ಹೈಡ್ರಾಲಿಕ್ಸ್ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಬಹುಕಾಲ ಇದ್ದವನು. ಇಂಥ ಸಭೆಗಳಲ್ಲಿ ಕುರ್ಚಿಯ ಮೇಲೆ ಕುಳಿತು ಪರಿಚಯ ಕೇಳುವುದೂ ನನ್ನ ಕೆಲಸದ ಭಾಗವಾಗಿತ್ತು. ‘ನಮ್ಮ ಸಂಸ್ಥೆಯು ಉತ್ಕೃಷ್ಟ ಗುಣಮಟ್ಟದ ಯಂತ್ರಭಾಗಗಳನ್ನು ಸಕಾಲದಲ್ಲಿ ಪೂರೈಸುತ್ತಿದ್ದು, ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯವಾಗಿದೆ’ ಎಂದು ಯಾರಾದರೂ ಎದ್ದು ಹೇಳಿದರೆ ಅವರು ಕುಳಿತುಕೊಳ್ಳುವ ಹೊತ್ತಿಗೆ ಅವರ ಹೆಸರೂ ಮರೆತಿರುತ್ತಿತ್ತು. ಪೆನ್ನು ಹಿಡಿದ ಕೂಡಲೇ ನಮ್ಮ ಕೈ ಕರಪತ್ರದ ಕನ್ನಡಕ್ಕೆ ಹೊರಳುತ್ತದೆ. ಆ ವಾಕ್ಯಗಳನ್ನು ಎಷ್ಟು ಸಹಜವಾಗಿ ಹೇಳಲು ಹೋದರೂ ಅವು ಸಹಜವಾಗುವುದಿಲ್ಲ, ಏಕೆಂದರೆ ಯಾರೂ ಹಾಗೆ ಮಾತನಾಡುವುದಿಲ್ಲ. ನಿಮ್ಮ ದನಿಯಲ್ಲಿ ದೋಷವಿಲ್ಲ, ವಾಕ್ಯದಲ್ಲಿದೆ.

ಆದ್ದರಿಂದ ಮೊದಲು ಮಾತನಾಡಿ, ಆಮೇಲೆ ಬರೆಯಿರಿ. ನಿಮ್ಮ ಕಸುಬು ಗೊತ್ತಿಲ್ಲದ ಒಬ್ಬರನ್ನು ಹಿಡಿಯಿರಿ. ಬ್ಯಾಂಕಿನಲ್ಲಿರುವ ಭಾವ ಆದೀತು, ಕಾಲೇಜಿನಲ್ಲಿ ಓದುವ ತಂಗಿಯೂ ಆದೀತು. ‘ನೀವು ದಿನವಿಡೀ ಏನು ಮಾಡುತ್ತೀರಿ?’ ಎಂದು ಅವರಿಂದ ಕೇಳಿಸಿಕೊಂಡು, ಮೊಬೈಲಿನಲ್ಲಿ ಧ್ವನಿಮುದ್ರಣ ಆನ್ ಮಾಡಿ ಉತ್ತರ ಹೇಳಿ. ಎರಡು ಮೂರು ನಿಮಿಷ ಎಳೆದರೂ ಪರವಾಗಿಲ್ಲ. ಆಮೇಲೆ ಕೇಳಿಸಿಕೊಳ್ಳುವಾಗ, ಅವರು ‘ಹೌದಾ?’ ಎಂದು ಮುಂದಕ್ಕೆ ಬಾಗಿದ್ದು ಯಾವ ಮಾತಿಗೆ ಎಂದು ಗುರುತಿಸಿ. ನಿಮ್ಮ ಪರಿಚಯದ ತಿರುಳು ಅಲ್ಲಿರುತ್ತದೆ.

ನಿಮ್ಮ ಕೆಲಸದಲ್ಲಿ ಆ ಜಾಗ ಯಾವುದೆಂದು ನಾನು ಬಹುಮಟ್ಟಿಗೆ ಊಹಿಸಬಲ್ಲೆ. ಮ್ಯಾನಿಫೋಲ್ಡ್ ಬ್ಲಾಕ್ ಹೊರಗಿನಿಂದ ನೋಡಿದರೆ ಬರೀ ಲೋಹದ ಗಟ್ಟಿ. ಒಳಗೆ ಎಣ್ಣೆ ಹರಿಯಲು ಅಡ್ಡಡ್ಡ, ಉದ್ದುದ್ದ ಕೊರೆದ ರಂಧ್ರಗಳಿರುತ್ತವೆ. ಎರಡು ರಂಧ್ರಗಳು ಒಳಗೆ ಸಂಧಿಸುವ ಅಂಚಿನಲ್ಲಿ ಬರ್, ಅಂದರೆ ಕೊರೆಯುವಾಗ ಪೂರ್ತಿ ಕತ್ತರಿಸಿ ಬೀಳದ ಲೋಹದ ಚೂರು, ಅಂಟಿಕೊಂಡೇ ಉಳಿಯುತ್ತದೆ. ಅದು ಕಣ್ಣಿಗೂ ಕಾಣದು, ಬೆರಳಿಗೂ ಎಟುಕದು. ಬ್ಲಾಕನ್ನು ಯಂತ್ರಕ್ಕೆ ಕೂರಿಸಿ ಒತ್ತಡ ಕೊಟ್ಟಮೇಲೆ ಎಂದೋ ಒಂದು ದಿನ ಆ ಚೂರು ಕಿತ್ತುಕೊಂಡು ಎಣ್ಣೆಯ ಜೊತೆ ಹೋಗಿ ವಾಲ್ವಿನ ಸ್ಪೂಲ್ ಹತ್ತಿರ ಸಿಕ್ಕಿಕೊಳ್ಳುತ್ತದೆ. ಸ್ಪೂಲಿಗೂ ಅದು ಓಡಾಡುವ ರಂಧ್ರಕ್ಕೂ ನಡುವೆ ಇರುವುದು ಕೆಲವೇ ಮೈಕ್ರಾನ್ ಸಂದು, ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅಲ್ಲಿಗೆ ಯಂತ್ರ ನಿಂತಂತೆಯೇ. ದೂರು ಬರುವುದು ಮಾತ್ರ ವಾಲ್ವಿನ ಮೇಲೆ.

ಇದನ್ನು ಬಲ್ಲ ಖರೀದಿದಾರನಿಗೆ ‘ಉತ್ಕೃಷ್ಟ ಗುಣಮಟ್ಟ’ಕ್ಕಿಂತ ‘ಒಳಗಿನ ಬರ್’ ಎಂಬ ಎರಡು ಪದ ಸಾಕು. ನಿಮ್ಮ ಪರಿಚಯ ಹೀಗೆ ಬರಬಹುದು:

‘ನಮಸ್ಕಾರ, ನಾನು ಇಂಥವನು. ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಹೈಡ್ರಾಲಿಕ್ ಮ್ಯಾನಿಫೋಲ್ಡ್ ಬ್ಲಾಕ್ ಮಾಡುತ್ತೇವೆ. ಡ್ರಿಲ್ಲಿಂಗ್‌ಗಿಂತ ಹೆಚ್ಚು ತಲೆಕೆಡಿಸಿಕೊಳ್ಳುವುದು ಒಳಗಿನ ಬರ್ ತೆಗೆಯುವುದಕ್ಕೆ. ಒಂದೊಂದು ಸಂಧಿಯನ್ನೂ ಕ್ಯಾಮೆರಾ ಇಳಿಸಿ ನೋಡಿದ ಮೇಲೆಯೇ ಕಳಿಸುತ್ತೇವೆ. ವಾಲ್ವ್ ಸಿಕ್ಕಿಕೊಳ್ಳುತ್ತಿದೆ ಎಂಬ ದೂರು ಬರುತ್ತಿರುವವರು ಇಲ್ಲಿ ಯಾರಾದರೂ ಇದ್ದರೆ, ಚಹಾದ ಹೊತ್ತಿಗೆ ಸಿಗಿ.’

ಕ್ಯಾಮೆರಾ ಇಳಿಸಿ ನೋಡುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೆ ಆ ಮಾತು ತೆಗೆದು, ನೀವು ನಿಜವಾಗಿ ಮಾಡುವುದನ್ನು ಹೇಳಿ. ನನ್ನಂಥವರು ಮರುವಾರವೇ ಅಂಗಡಿಗೆ ಬಂದು ‘ಎಲ್ಲಿ, ತೋರಿಸಿ’ ಎನ್ನುತ್ತೇವೆ.

ಈಗ ಇದನ್ನೇ ಬಾಯಿಪಾಠ ಮಾಡಿದರೆ ಮತ್ತೆ ಹಳೆಯ ಕಥೆ. ಇಲ್ಲಿ ನಮ್ಮ ಊರು ನಿಮಗೆ ನೆರವಾಗುತ್ತದೆ. ಬೆಳಗಾವಿಯಲ್ಲಿ ಅಂಗಡಿ ನಡೆಸುವವರಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ನಾಲಿಗೆಯ ಮೇಲಿರುತ್ತವೆ. ಪರಿಚಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿ, ಹಾಳೆ ನೋಡದೆ ತಕ್ಷಣ ಮರಾಠಿಯಲ್ಲಿ ಹೇಳಿ, ಆಮೇಲೆ ಹಿಂದಿಯಲ್ಲಿ. ಪದಗಳನ್ನು ನೆನಪಿಟ್ಟುಕೊಂಡಿದ್ದರೆ ಎರಡನೆಯ ಭಾಷೆಯಲ್ಲೇ ಎಡವುತ್ತೀರಿ. ವಿಷಯ ನೆನಪಿದ್ದರೆ ವಾಕ್ಯ ತಾನಾಗಿ ಕಟ್ಟಿಕೊಳ್ಳುತ್ತದೆ. ಮೂರು ಭಾಷೆಗಳಲ್ಲೂ ಉಳಿದು ಬಂದದ್ದನ್ನು ಮಾತ್ರ ಇಟ್ಟುಕೊಳ್ಳಿ: ಊರು, ಬ್ಲಾಕ್, ಬರ್, ಪರೀಕ್ಷೆ, ಯಾರು ಬೇಕು. ಆ ಐದು ಗುರುತುಗಳನ್ನು ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಮರಳಿ ಕನ್ನಡಕ್ಕೆ ಬಂದಾಗ ಪ್ರತಿ ಸಲವೂ ವಾಕ್ಯ ಸ್ವಲ್ಪ ಬೇರೆಯಾಗಿ ಬರುತ್ತದೆ. ಬರಲಿ, ನಮಗೆ ಬೇಕಿದ್ದುದೂ ಅದೇ.

ಎರಡು ವಾಕ್ಯಗಳನ್ನು ಮಾತ್ರ ಅಕ್ಷರಶಃ ಗಟ್ಟಿ ಮಾಡಿಕೊಳ್ಳಿ, ಮೊದಲನೆಯದು ಮತ್ತು ಕೊನೆಯದು. ಎದ್ದು ನಿಂತ ಕ್ಷಣದಲ್ಲಿ ಎದೆ ಹೊಡೆದುಕೊಳ್ಳುವಾಗ ಹೆಸರು ಮತ್ತು ಜಾಗ ತಾನಾಗಿ ಬಾಯಿಗೆ ಬರಬೇಕು. ಆಗ ಉಸಿರು ಹಿಡಿತಕ್ಕೆ ಸಿಗುತ್ತದೆ. ಕೊನೆಯದು ಗಟ್ಟಿಯಿಲ್ಲದವರು ‘ಹಾಗಾಗಿ... ಅಷ್ಟೇ... ಧನ್ಯವಾದ’ ಎಂದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎಳೆಯುತ್ತಾರೆ. ತಡವರಿಕೆ ಎಂದು ನೀವು ಹೇಳುತ್ತಿರುವುದರ ಬಹುಪಾಲು ಇಲ್ಲೇ ಆಗುತ್ತಿರಬೇಕು. ಮೈಕು ಕೈಯಿಂದ ಕೈಗೆ ಬರುವ ಸಭೆಗಳಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಸರದಿ ಹತ್ತಿರವಾದಂತೆ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತ, ಪಕ್ಕದವರು ಹೇಳಿದ್ದನ್ನು ಕೇಳುವುದೇ ಇಲ್ಲ. ಎರಡೇ ವಾಕ್ಯ ಹೊತ್ತು ಕುಳಿತಿದ್ದರೆ ಕೇಳಲು ಪುರುಸೊತ್ತು ಸಿಗುತ್ತದೆ. ನಿಮಗಿಂತ ಮೊದಲು ಫೌಂಡ್ರಿಯವರೊಬ್ಬರು ಮಾತನಾಡಿದ್ದರೆ ‘ಅವರು ಎರಕ ಹೊಯ್ಯುತ್ತಾರೆ, ನಾವು ಕೊರೆಯುವವರು’ ಎಂದು ಶುರು ಮಾಡಬಹುದು. ಅದನ್ನು ಮನೆಯಲ್ಲಿ ಕುಳಿತು ತಯಾರಿಸಲಾಗದೆಂದು ಕೇಳುವವರಿಗೂ ಗೊತ್ತು.

ತಯಾರಿ ಸಾಕಾಯಿತೇ ಎಂದು ತಿಳಿಯಲು ಕನ್ನಡಿ ಬೇಡ. ಅಲ್ಲಿ ಮುಖಭಾವದ ಕಡೆಗೇ ಗಮನ ಹೋಗುತ್ತದೆ. ಗೆಳೆಯರೊಬ್ಬರಿಗೆ ನಡುವೆ ಬಾಯಿ ಹಾಕಲು ಹೇಳಿ. ‘ಬರ್ ಎಂದರೆ ಏನು?’, ‘ಅಲ್ಯುಮಿನಿಯಂ ಕೂಡ ಮಾಡುತ್ತೀರಾ?’ ಎಂದು ಅವರು ಕೇಳಲಿ. ಉತ್ತರಿಸಿ ಅಲ್ಲಿಂದಲೇ ಮುಂದುವರಿಯಲು ಬಂದರೆ ಪರಿಚಯ ನಿಮ್ಮದಾಗಿದೆ. ಮತ್ತೆ ‘ನಮಸ್ಕಾರ, ನಾನು’ ಎಂದು ಹಿಂದಕ್ಕೆ ಹೋಗಬೇಕಾದರೆ ಇನ್ನೂ ಪಾಠವೇ ಒಪ್ಪಿಸುತ್ತಿದ್ದೀರಿ.

ಚಹಾದ ಮೇಜಿನ ಬಳಿ ಒಬ್ಬೊಬ್ಬರನ್ನೇ ಕಂಡಾಗ ಇಷ್ಟನ್ನೂ ಹೇಳಲು ಹೋಗಬೇಡಿ. ‘ಮ್ಯಾನಿಫೋಲ್ಡ್ ಬ್ಲಾಕ್ ಮಾಡುತ್ತೇವೆ, ಉದ್ಯಮಬಾಗದಲ್ಲಿ’ ಎಂದು ನಿಲ್ಲಿಸಿ, ಅವರ ಕೆಲಸ ಕೇಳಿ. ಹೈಡ್ರಾಲಿಕ್ಸ್‌ನವರಾದರೆ ಬರ್‌ನ ಮಾತು ಅವರಿಂದಲೇ ಹೊರಡುತ್ತದೆ. ಬ್ಯಾಂಕಿನವರಾದರೆ ಬರ್ ಬಿಟ್ಟು, ‘ಟಿಪ್ಪರ್ ಹಿಂಭಾಗ ಮೇಲೇಳುತ್ತದಲ್ಲ, ಅಂಥ ಯಂತ್ರಗಳಿಗೆ ಎಣ್ಣೆಯ ದಾರಿ ಕೊರೆದುಕೊಡುತ್ತೇವೆ’ ಎಂದರೆ ಅರ್ಥವಾಗುತ್ತದೆ. ವಿಸಿಟಿಂಗ್ ಕಾರ್ಡನ್ನು ಮೊದಲೇ ಚಾಚಬೇಡಿ. ಅವರು ಅದನ್ನು ಓದುತ್ತ ನಿಲ್ಲುತ್ತಾರೆ, ನೀವು ಅದರಲ್ಲಿರುವುದನ್ನೇ ಹೇಳುತ್ತ ನಿಲ್ಲುತ್ತೀರಿ. ಹೊರಡುವಾಗ ಕೊಡಿ. ಕೊಡುವ ಮುನ್ನ ಅದರ ಹಿಂದೆ ಪೆನ್ನಿನಲ್ಲಿ ‘ಬರ್’ ಎಂದೋ ‘ಕ್ಯಾಮೆರಾ ಪರೀಕ್ಷೆ’ ಎಂದೋ ಬರೆದುಕೊಟ್ಟರೆ, ಮರುದಿನ ಜೇಬಿನಿಂದ ಕಾರ್ಡುಗಳ ಕಂತೆ ತೆಗೆಯುವ ನನ್ನಂಥ ಖರೀದಿಯವನಿಗೆ ನೀವು ಯಾರೆಂದು ನೆನಪಾಗುತ್ತದೆ.