ಏಳನೇ ವಾರದಲ್ಲಿ ಶುರುವಾಗುವ ಫೋಲಿಕ್ ಆಸಿಡ್

ಪ್ರಶ್ನೆ: ನನ್ನ ಕೊನೆಯ ಮುಟ್ಟು ಮಾರ್ಚ್ 1ಕ್ಕೆ. ಏಪ್ರಿಲ್ 19ರಂದು ಡಾಕ್ಟರನ್ನು ಕಂಡಾಗಿನಿಂದ ಒಂದು ದಿನವೂ ತಪ್ಪಿಸದೆ ಫೋಲಿಕ್ ಆಸಿಡ್ ಮಾತ್ರೆ ನುಂಗಿದ್ದೇನೆ. ಆದರೂ ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಮಗುವಿಗೆ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳದೆ ಉಳಿಯುವ ತೊಂದರೆ, ಇದೆ ಎಂದರು. ಮಾತ್ರೆ ಏಕೆ ಕೆಲಸ ಮಾಡಲಿಲ್ಲ?

ಉತ್ತರ: ಮಾತ್ರೆ ತಲುಪುವ ಹೊತ್ತಿಗೆ ಅದು ಮಾಡಬೇಕಾಗಿದ್ದ ಕೆಲಸದ ಅವಧಿ ಮುಗಿದುಹೋಗಿತ್ತು. ಇದೇ ಪ್ರಶ್ನೆ ಬೇರೆ ಬೇರೆ ತಾರೀಕುಗಳೊಂದಿಗೆ ನನಗೆ ಮತ್ತೆ ಮತ್ತೆ ಬರುತ್ತದೆ. ನನಗೆ ಸಿಟ್ಟು ಬರುವುದು ಕೇಳುವವರ ಮೇಲಲ್ಲ, ಮದುವೆಯಾದ ಹೆಣ್ಣುಮಕ್ಕಳಿಗೆ ಇದನ್ನು ಗರ್ಭ ನಿಲ್ಲುವ ಮೊದಲೇ ಯಾರೂ ಹೇಳದೆ ಬಿಡುವ ನಮ್ಮ ರೂಢಿಯ ಮೇಲೆ.

ನಿಮ್ಮ ತಾರೀಕುಗಳನ್ನೇ ಹಿಡಿದು ಲೆಕ್ಕ ಹಾಕೋಣ. ಮುಟ್ಟು ಕ್ರಮವಾಗಿದ್ದರೆ ಗರ್ಭ ಕಟ್ಟಿದ್ದು ಸುಮಾರು ಮಾರ್ಚ್ 15ಕ್ಕೆ. ಅಲ್ಲಿಂದ ಎಣಿಸಿದರೆ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಕಡೆ ಜೀವಕೋಶಗಳ ಒಂದು ಚಪ್ಪಟೆ ಹಾಳೆ ದಪ್ಪವಾಗುತ್ತದೆ. ಅದರ ನಡುಭಾಗ ತಗ್ಗಿ, ಎರಡು ಅಂಚುಗಳು ಮೇಲೆದ್ದು, ಒಂದರ ಕಡೆ ಒಂದು ಬಾಗಿ ಬೆಸೆದುಕೊಳ್ಳುತ್ತವೆ. ಹೀಗಾಗುವ ನಾಳವೇ ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುತ್ತದೆ. ಬೆಸುಗೆ 22ನೇ ದಿನದ ಹೊತ್ತಿಗೆ, ಅಂದರೆ ಏಪ್ರಿಲ್ 6ರ ಸುಮಾರಿಗೆ, ಕತ್ತಿನ ಮಟ್ಟದಲ್ಲಿ ಆರಂಭವಾಗಿ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ. ತಲೆಯ ಕಡೆಯ ಬಾಯಿ ಏಪ್ರಿಲ್ 9ರ ಹೊತ್ತಿಗೆ, ಸೊಂಟದ ಕಡೆಯ ಬಾಯಿ ಏಪ್ರಿಲ್ 12ರೊಳಗೆ ಮುಚ್ಚಬೇಕಿತ್ತು. ನೀವು ಮೊದಲ ಮಾತ್ರೆ ನುಂಗಿದ್ದು ಅದಾದ ಒಂದು ವಾರಕ್ಕೆ. ತೆರೆದೇ ಉಳಿದ ನಾಳವನ್ನು ಆಮೇಲೆ ಎಷ್ಟು ಮಾತ್ರೆ ನುಂಗಿದರೂ ಮುಚ್ಚಲಾಗದು.

ತಲೆಯ ಕಡೆಯ ಬಾಯಿ ಮುಚ್ಚದಿದ್ದರೆ ಮಿದುಳೂ ತಲೆಬುರುಡೆಯೂ ರೂಪುಗೊಳ್ಳುವುದಿಲ್ಲ, ಅಂಥ ಮಗು ಬದುಕುಳಿಯುವುದಿಲ್ಲ. ಕೆಳಗಿನದು ಮುಚ್ಚದಿದ್ದರೆ ಆ ಜಾಗದಲ್ಲಿ ಬೆನ್ನುಮೂಳೆಯ ಹಿಂಬದಿಯ ಕಮಾನು ಕೂಡಿಕೊಳ್ಳದೆ ಬೆನ್ನುಹುರಿ ಬಯಲಿಗೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಗರ್ಭದ ನೀರು ಮತ್ತು ಉಜ್ಜಾಟ ಆ ನರಗಳನ್ನು ಇನ್ನಷ್ಟು ಹಾಳುಮಾಡುತ್ತವೆ. ಅಲ್ಲಿಂದ ಮಿದುಳಿನ ದ್ರವ ಸೋರಿದಂತೆ ಹಿಂಮಿದುಳು ಕತ್ತಿನೊಳಕ್ಕೆ ಇಳಿದು, ಹಲವು ಮಕ್ಕಳಲ್ಲಿ ತಲೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಬಿರುಕು ಮೇಲ್ಮಟ್ಟದಲ್ಲಿದ್ದಷ್ಟೂ ಕಾಲುಗಳ ಶಕ್ತಿ ಕಡಿಮೆ. ಆದ್ದರಿಂದ ಯಾವ ನಿರ್ಧಾರಕ್ಕೂ ಮುಂಚೆ ಅದು ಯಾವ ಮಟ್ಟದಲ್ಲಿದೆ ಎಂದು ಭ್ರೂಣತಜ್ಞರನ್ನೂ ಮಕ್ಕಳ ನರಶಸ್ತ್ರಚಿಕಿತ್ಸಕರನ್ನೂ ಒಟ್ಟಿಗೆ ಕೂರಿಸಿ ಕೇಳಿ, ತಡ ಮಾಡಬೇಡಿ.

ಅಂಚುಗಳು ಎದ್ದು ಬಾಗಬೇಕಾದರೆ ಜೀವಕೋಶಗಳು ಅತಿ ವೇಗವಾಗಿ ವಿಭಜನೆಯಾಗಬೇಕು, ಅದಕ್ಕೆ ಬೇಕಾದ ಡಿಎನ್‌ಎ ಕಟ್ಟುವುದಕ್ಕೆ ಫೋಲೇಟ್ ಅಗತ್ಯ. ಆದರೆ ಮೊದಲೇ ನುಂಗಿದ್ದರೆ ಖಂಡಿತ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ, ಯಾರಾದರೂ ಹೇಳಿದರೂ ನಂಬಬೇಡಿ. ಹಿಂದೆ ಇಂಥ ಗರ್ಭ ಧರಿಸಿದ್ದ ತಾಯಂದಿರ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗರ್ಭಕ್ಕೆ ಮುಂಚಿನಿಂದ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಮರುಕಳಿಕೆ 72 ಶೇಕಡಾ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ವಂಶಗುಣ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆಗೆ ಕೊಡುವ ವ್ಯಾಲ್‌ಪ್ರೊಯೇಟ್ ಮಾತ್ರೆ, ಇವೂ ಕಾರಣಗಳೇ. ಹಾಗೆಂದು ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ; ಗರ್ಭದ ಯೋಚನೆಗೆ ಮೊದಲೇ ನರರೋಗ ವೈದ್ಯರಿಂದ ಬದಲಿಸಿಕೊಳ್ಳಬೇಕು.

ಮುಂದಿನ ಸಲಕ್ಕೆ ನಿಮ್ಮ ಪ್ರಮಾಣ ಬೇರೆ. ಮೊದಲ ಸಲದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಿಮಗೆ 4 ಮಿಲಿಗ್ರಾಂ ಬೇಕು, ನಮ್ಮಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಮಿನ ಮಾತ್ರೆ ಬರೆಯುತ್ತಾರೆ. ಕನಿಷ್ಠ ಒಂದು ತಿಂಗಳು ಮುಂಚೆ ಎಂಬುದು ಪುಸ್ತಕದ ಮಾತು. ರಕ್ತಕಣಗಳಲ್ಲಿ ಫೋಲೇಟ್ ನಿಧಾನವಾಗಿ ಏರುವುದರಿಂದ ಮೂರು ತಿಂಗಳು ಮುಂಚೆ ಎಂದೇ ನಾನು ಹೇಳುತ್ತೇನೆ. ಹನ್ನೆರಡನೇ ವಾರದವರೆಗೆ ಮುಂದುವರಿಸಿ. ಆ ಪ್ರಮಾಣ ಮುಟ್ಟಲು ಮಲ್ಟಿವಿಟಮಿನ್ ಮಾತ್ರೆಗಳನ್ನು ಎರಡು ಮೂರು ಸೇರಿಸಿ ನುಂಗಬೇಡಿ, ಅದರಲ್ಲಿರುವ ಎ ಜೀವಸತ್ವ ಹೆಚ್ಚಾದರೆ ಭ್ರೂಣಕ್ಕೇ ಕೆಡುಕು. ಶುರುಮಾಡುವ ಮುಂಚೆ ಬಿ12 ಪರೀಕ್ಷೆ ಮಾಡಿಸಿ, ಸಸ್ಯಾಹಾರಿಗಳಾದರೆ ತಪ್ಪದೆ: ಬಿ12 ಕಡಿಮೆಯಿದ್ದರೆ ಫೋಲಿಕ್ ಆಸಿಡ್ ರಕ್ತಹೀನತೆಯನ್ನು ಮರೆಮಾಚಿ, ಒಳಗೆ ನಿಮ್ಮ ನರಗಳು ಕೆಡುತ್ತಿರುವುದು ಗೊತ್ತಾಗದಂತೆ ಮಾಡಬಲ್ಲದು.

ಪ್ರಶ್ನೆ: ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ ಮಗುವಿನ ಬೆನ್ನು ಸೀಳಿತೇ?

ಉತ್ತರ: ಇಲ್ಲ, ಆ ಮಾತು ಹೇಳಿ ಸೊಸೆಯನ್ನು ಅಳಿಸುವವರಿಗೆ ಮೇಲಿನ ತಾರೀಕುಗಳನ್ನು ಓದಿ ಹೇಳಿ.

ಪ್ರಶ್ನೆ: ದಿನವೂ ಸೊಪ್ಪಿನ ಸಾರು ಉಂಡರೆ ಮಾತ್ರೆ ಬೇಡವಲ್ಲವೇ?

ಉತ್ತರ: ಬೇಕು, ಕುದಿಸಿದಾಗ ಸೊಪ್ಪಿನ ಫೋಲೇಟ್ ಬಹಳಷ್ಟು ನಷ್ಟವಾಗುತ್ತದೆ.

ಪ್ರಶ್ನೆ: ಹುಟ್ಟಿದ ಮಗುವಿನ ಬೆನ್ನಿನ ಗಂಟನ್ನು ಲೇಪ ಹಚ್ಚಿ ಕರಗಿಸುವವರಿದ್ದಾರಂತೆ, ಹೋಗಬಹುದೇ?

ಉತ್ತರ: ಆ ಗಂಟಿನೊಳಗೆ ಇರುವುದು ನರ. ಲೇಪ ಹಚ್ಚಿದರೆ ಸೋಂಕು ನೇರ ಮಿದುಳಿನ ಪೊರೆಗೆ ಏರುತ್ತದೆ. ಉಪ್ಪುನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆ ಹೊದಿಸಿ, ಮಗುವನ್ನು ಬೋರಲಾಗಿ ಮಲಗಿಸಿ ಅಂದೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸಬೇಕು. ಬಟ್ಟೆಗೆ ಬಳಸುವುದು ಆಸ್ಪತ್ರೆಯ ಸ್ಟೆರೈಲ್ ಸಲೈನ್, ಅಡುಗೆಮನೆಯ ಉಪ್ಪು ಕದಡಿದ ನೀರಲ್ಲ.