ಎಷ್ಟು ಮಲಗಿದರೂ ಸುಸ್ತು ಹೋಗದಿದ್ದರೆ

"ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಗ್ಗೆ ಏಳಕ್ಕೆ ಏಳ್ತೀನಿ. ಭಾನುವಾರ ಮಧ್ಯಾಹ್ನಾನೂ ಮಲಗ್ತೀನಿ. ಆದ್ರೂ ಸುಸ್ತು ಹೋಗ್ತಿಲ್ಲ. ಇನ್ನೂ ಎಷ್ಟು ರೆಸ್ಟ್ ಬೇಕು?"

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಭಾನುವಾರ ಮಧ್ಯಾಹ್ನ ಮಲಗಿದಾಗ ನಿಮಗೆ ನಿಜಕ್ಕೂ ನಿದ್ದೆ ಬರುತ್ತದಾ, ಇಲ್ಲ ಸುಮ್ನೆ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತೀರಾ? ನಾನು ತಾಲೂಕು ಊರೊಂದರಲ್ಲಿ ಕ್ಲಿನಿಕ್ ನಡೆಸುವ ವೈದ್ಯ. ಸುಸ್ತು ಅಂತ ಬರುವ ಪ್ರತಿಯೊಬ್ಬರಿಗೂ ಇದನ್ನೇ ಮೊದಲು ಕೇಳುತ್ತೇನೆ. ಮುಂದೆ ಏನು ಮಾಡಬೇಕು ಅನ್ನುವುದು ಬಹುಪಾಲು ಈ ಉತ್ತರದ ಮೇಲೆ ನಿಂತಿದೆ.

ನಿದ್ದೆ ಬಾಕಿ ಇರುವವರು ಸುಮ್ಮನೆ ಕೂತರೆ ಸಾಕು, ತೂಕಡಿಸುತ್ತಾರೆ. ರೆಪ್ಪೆ ಭಾರವಾಗುತ್ತದೆ, ಪೇಪರಿನ ಒಂದೇ ಸಾಲನ್ನು ಮೂರು ಸಲ ಓದುತ್ತಾರೆ, ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ತಲೆ ವಾಲುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸ್ವಲ್ಪ ಹೊತ್ತು ಹೋಗುತ್ತದೆ. ಆಯಾಸದಲ್ಲಿ ಇದು ಉಲ್ಟಾ. ಕೂತಿರುವಾಗ ಪರವಾಗಿಲ್ಲ, ಕೆಲಸಕ್ಕೆ ಎದ್ದಾಗ ಮೈ ಏಳುವುದಿಲ್ಲ. ಮೆಟ್ಟಿಲು ಹತ್ತಿದರೆ, ಬಕೆಟ್ ಎತ್ತಿದರೆ ಸಾಕಾಗಿ ಹೋಗುತ್ತದೆ. ಆದರೆ ಕತ್ತಲೆ ಕೋಣೆಯಲ್ಲಿ ಮಲಗಿಸಿದರೂ ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತವೆ. ಆದರೂ ಯಾವುದು ಜಾಸ್ತಿ ಅಂತ ವಿಚಾರಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಎಚ್ಚರ ಇದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ನಿದ್ದೆ ಒತ್ತಿಕೊಂಡು ಬರುವುದಕ್ಕೆ ಅದು ಒಂದು ಮುಖ್ಯ ಕಾರಣ. ಕಾಫಿ ಕೆಲವು ಗಂಟೆ ಅದರ ಕೆಲಸಕ್ಕೆ ಅಡ್ಡ ಬರುತ್ತದೆ, ಅಷ್ಟೇ. ಅಡೆನೊಸಿನ್ ಇಳಿಯಬೇಕಾದರೆ ನಿದ್ದೆಯೇ ಮಾಡಬೇಕು. ಹಾಗಾಗಿ ನಿದ್ದೆಗೆಟ್ಟವರಿಗೆ ನಿದ್ದೆಯೇ ಔಷಧಿ. ಆಯಾಸಕ್ಕೆ ಕಾರಣ ರಕ್ತದಲ್ಲಿರಬಹುದು, ಥೈರಾಯ್ಡ್‌ನಲ್ಲಿರಬಹುದು, ಮನಸ್ಸಿನಲ್ಲಿರಬಹುದು. ಹಾಸಿಗೆಯಲ್ಲಿ ಎರಡು ಗಂಟೆ ಜಾಸ್ತಿ ಕಳೆದರೆ ಇವು ಯಾವುವೂ ಸರಿಹೋಗುವುದಿಲ್ಲ.

ತೂಕಡಿಕೆ ಎಷ್ಟಿದೆ ಅಂತ ಅಳೆಯುವುದಕ್ಕೆ ನಾನು ಬಳಸುವುದು ಎಪ್‌ವರ್ತ್ ಪಟ್ಟಿ. ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯಲ್ಲಿದ್ದ ಡಾ. ಮುರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಎಂಟು ಸಂದರ್ಭಗಳಿವೆ. ಓದುತ್ತಾ ಕೂತಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಗಾಡಿಯಲ್ಲಿ ಒಂದು ಗಂಟೆ ಪ್ರಯಾಣ ಮಾಡುವಾಗ, ಮಧ್ಯಾಹ್ನ ಮಲಗಿದಾಗ, ಯಾರ ಹತ್ತಿರವಾದರೂ ಮಾತಾಡುತ್ತಿರುವಾಗ, ಊಟವಾದ ಮೇಲೆ ಕೂತಾಗ, ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ. ಒಂದೊಂದರಲ್ಲೂ ನಿದ್ದೆ ಹೋಗುವ ಸಾಧ್ಯತೆ ಎಷ್ಟು ಅಂತ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಒಟ್ಟು 24. ಹತ್ತರವರೆಗೆ ಸರಿ, ಅದಕ್ಕಿಂತ ಜಾಸ್ತಿ ಬಂದರೆ ವಿಚಾರಿಸಬೇಕು.

ಅಂಕ ಜಾಸ್ತಿ ಬಂದಾಗಲೂ "ಇನ್ನೂ ಮಲಗಿ" ಅನ್ನುವುದು ಯಾವಾಗಲೂ ಸರಿಯಲ್ಲ. ನನ್ನ ಹತ್ತಿರ ಬಂದ ಟಿಪ್ಪರ್ ಚಾಲಕರೊಬ್ಬರಿಗೆ 17 ಬಂದಿತ್ತು. ದಿನಾ ಎಂಟು ಗಂಟೆ ಮಲಗುತ್ತಿದ್ದರು. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ನಡುವೆ ಉಸಿರೇ ನಿಲ್ಲುತ್ತದೆ ಅಂತ ಅವರ ಹೆಂಡತಿ ಹೇಳಿದರು. ಗಂಟಲು ಮುಚ್ಚಿಕೊಂಡಾಗಲೆಲ್ಲ ಮೆದುಳು ಎಚ್ಚರಗೊಂಡರೆ ಎಂಟು ಗಂಟೆ ಮಲಗಿದ್ದೂ ನಿದ್ದೆ ಅನ್ನಿಸಿಕೊಳ್ಳುವುದಿಲ್ಲ. ಇದು ಸ್ಲೀಪ್ ಆಪ್ನಿಯಾ. ಇದಕ್ಕೆ ನಿದ್ದೆಯ ಪರೀಕ್ಷೆ ಮಾಡಿಸಬೇಕು, ಬೇಕಾದರೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಬೇಡಿ ಅಂತ ಅವರಿಗೆ ಕಡ್ಡಾಯವಾಗಿ ಹೇಳಿದೆ.

ನಿಮ್ಮ ಪ್ರಶ್ನೆ ಓದಿದಾಗ ನೆನಪಾದವರು ಮಾತ್ರ ಬೇರೆಯವರು, ಒಬ್ಬ ಹೈಸ್ಕೂಲ್ ಟೀಚರ್. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ವಯಸ್ಸು ಮೂವತ್ತಾರು. "ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ" ಅಂತಲೇ ಬಂದರು. ನಮ್ಮಲ್ಲಿ ಸುಸ್ತಿಗೆ ಎಲ್ಲರೂ ಕೇಳುವುದು ಇದನ್ನೇ. ಐದು ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಎರಡು ಲೋಟ ಪಾನಕ ಕುಡಿದರೆ ಅಷ್ಟು ಬರುತ್ತದೆ, ಸೂಜಿ ಬೇಡ.

ಅವರ ಎಪ್‌ವರ್ತ್ ಅಂಕ ಬರೀ 3. ಮಧ್ಯಾಹ್ನ ಶಾಲೆಯಿಂದ ಬಂದು ಒಂದು ಗಂಟೆ ಮಲಗುತ್ತಿದ್ದರು, ಆದರೆ ನಿದ್ದೆ ಬರುತ್ತಿರಲಿಲ್ಲ. ಮೇಲಿನ ಮಹಡಿಯ ತರಗತಿಗೆ ಹೋಗುವಾಗ ಅರ್ಧ ಮೆಟ್ಟಿಲಿಗೆ ನಿಂತು ಕಂಬಿ ಹಿಡಿದುಕೊಳ್ಳಬೇಕಿತ್ತು, ಎದೆ ಡವಡವ ಅನ್ನುತ್ತಿತ್ತು. ಕೂದಲು ಉದುರುತ್ತಿತ್ತು. ಮುಟ್ಟಿನ ಬಗ್ಗೆ ಅವರಾಗಿ ಹೇಳಲಿಲ್ಲ, ನಾನು ಕೇಳಿದ ಮೇಲೆ ಹೇಳಿದರು: ಏಳು ದಿನ ಹೋಗುತ್ತದೆ, ಮೊದಲ ಎರಡು ದಿನ ಎರಡೆರಡು ಗಂಟೆಗೆ ಪ್ಯಾಡ್ ಬದಲಿಸಬೇಕು, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ.

ಅವರ ಹಳೇ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 12.1 ಇತ್ತು. ಹೆಂಗಸರಿಗೆ 12ರ ಮೇಲಿದ್ದರೆ ರಕ್ತಹೀನತೆ ಇಲ್ಲ ಅಂತ ಲೆಕ್ಕ. ಹಾಗಾಗಿ "ರಕ್ತ ಚೆನ್ನಾಗಿದೆ, ರೆಸ್ಟ್ ತಗೊಳ್ಳಿ" ಅಂತ ಮುಂಚೆ ಕೇಳಿಸಿಕೊಂಡು ಬಂದಿದ್ದರು. ನಾನು ಫೆರಿಟಿನ್ ಅನ್ನುವ ರಕ್ತಪರೀಕ್ಷೆ ಬರೆದುಕೊಟ್ಟೆ. 9 ಬಂತು. 15ಕ್ಕಿಂತ ಕಡಿಮೆ ಇದ್ದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಅಂತ ಅರ್ಥ. ಕಬ್ಬಿಣ ಕಮ್ಮಿಯಾದಾಗ ಮೊದಲು ಬರಿದಾಗುವುದು ಈ ದಾಸ್ತಾನು, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಸ್ನಾಯುಗಳು ಶಕ್ತಿ ತಯಾರಿಸುವುದಕ್ಕೂ ಕಬ್ಬಿಣ ಬೇಕು. ಅದಕ್ಕೇ ರಕ್ತಹೀನತೆ ಕಾಣಿಸುವ ಮೊದಲೇ ಕೆಲವರಿಗೆ ಆಯಾಸ ಶುರುವಾಗುತ್ತದೆ.

ಕಬ್ಬಿಣದ ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ತಗೊಳ್ಳಲು ಹೇಳಿದೆ. ಒಂದು ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಕರುಳು ಕಬ್ಬಿಣ ಹೀರುವುದನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಈ ಕ್ರಮದಲ್ಲಿ ಹೊಟ್ಟೆಯ ತೊಂದರೆಯೂ ಕಡಿಮೆ, ಮಾತ್ರೆಯೂ ದಂಡವಾಗುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ. ಕಾಫಿ, ಟೀ ಒಂದು ಗಂಟೆ ಆದಮೇಲೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ರಾತ್ರಿಗೆ. ಮಲ ಕಪ್ಪಗಾದರೆ ಹೆದರಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೂರನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ರಾಗಿ, ಸೊಪ್ಪು, ಕಾಳು ತಿನ್ನುವುದು ಒಳ್ಳೆಯದೇ, ಆದರೆ ಖಾಲಿಯಾದ ದಾಸ್ತಾನು ಅಷ್ಟರಿಂದಲೇ ತುಂಬುವುದು ಕಷ್ಟ. ರಕ್ತ ಹೀಗೆ ಹೋಗುತ್ತಲೇ ಇದ್ದರೆ ಮಾತ್ರೆಯಿಂದಲೂ ತುಂಬುವುದಿಲ್ಲ, ಅದಕ್ಕೆ ಸ್ತ್ರೀರೋಗ ತಜ್ಞರ ಹತ್ತಿರ ಸ್ಕ್ಯಾನಿಂಗಿಗೆ ಕಳಿಸಿದೆ.

ಒಂದೂವರೆ ತಿಂಗಳಿಗೆ ಮೆಟ್ಟಿಲು ಹತ್ತುವುದು ಸಲೀಸಾಯಿತು. ಆದರೆ ಬೆಳಗಿನ ಜಡ, ಮಂಕು ಹೋಗಲಿಲ್ಲ. ನಿಮಗೆ ಬೇಕಾದ ವಿಷಯ ಇಲ್ಲಿದೆ ಅಂತ ನನಗನ್ನಿಸುತ್ತದೆ. ಸುಸ್ತು ಅಂತ ಅವರು ಒಂದು ವರ್ಷದಿಂದ ರಾತ್ರಿ ಒಂಬತ್ತಕ್ಕೇ ಮಲಗಿ ಆರೂವರೆಗೆ ಏಳುತ್ತಿದ್ದರು. ಎರಡು ವಾರ ಡೈರಿ ಬರೆಸಿದೆ. ನಿದ್ದೆ ಹತ್ತುತ್ತಿದ್ದದ್ದು ಹತ್ತೂವರೆಗೆ. ಎರಡು ಗಂಟೆ ಸುಮಾರಿಗೆ ಎಚ್ಚರವಾದರೆ ಮೂರೂವರೆವರೆಗೆ ಹೊರಳಾಟ. ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಆರೂವರೆ ಗಂಟೆ. ಒಂದೇ ಸೌಟು ಹಿಟ್ಟನ್ನು ದೊಡ್ಡ ಕಾವಲಿ ತುಂಬ ಎಳೆದರೆ ದೋಸೆ ಅಲ್ಲಲ್ಲಿ ಹರಿಯುತ್ತದಲ್ವಾ, ಅವರ ನಿದ್ದೆ ಹಾಗಾಗಿತ್ತು. ಕಬ್ಬಿಣದ ಕೊರತೆಯಿಂದ ಬಂದ ಆಯಾಸಕ್ಕೆ ರೆಸ್ಟ್ ತಗೊಂಡು ತಗೊಂಡು ನಿದ್ದೆಯನ್ನೂ ಕೆಡಿಸಿಕೊಂಡಿದ್ದರು.

ಅದಕ್ಕೆ ಹಾಸಿಗೆಯ ಸಮಯವನ್ನೇ ಕಡಿತ ಮಾಡಿದೆವು. ರಾತ್ರಿ ಹನ್ನೊಂದೂಕಾಲಿಗೆ ಮಲಗಬೇಕು, ಬೆಳಗ್ಗೆ ಆರಕ್ಕೆ ಏಳಬೇಕು, ಭಾನುವಾರವೂ ಅಷ್ಟೇ. ಮಧ್ಯಾಹ್ನ ಮಲಗುವಂತಿಲ್ಲ. ಮಲಗಿದ ಸಮಯದಲ್ಲಿ 85 ಪರ್ಸೆಂಟಿಗಿಂತ ಜಾಸ್ತಿ ನಿದ್ದೆಯೇ ಆಗುತ್ತಿದ್ದರೆ ಆಗ ಹದಿನೈದು ನಿಮಿಷ ಸೇರಿಸಬೇಕು. ಮೊದಲ ವಾರ ಅವರು ಸಿಟ್ಟಾಗಿಯೇ ಫೋನ್ ಮಾಡಿದರು: "ಸಂಜೆ ಏಳಕ್ಕೆ ಸೋಫಾ ಮೇಲೆ ತೂಕಡಿಸ್ತೀನಿ ಡಾಕ್ಟ್ರೇ!" ನನಗೆ ಸಂತೋಷವಾಯಿತು. ಎಷ್ಟೋ ತಿಂಗಳ ಮೇಲೆ ಅವರಿಗೆ ನಿಜವಾದ ನಿದ್ದೆ ಒತ್ತಿಕೊಂಡು ಬರುತ್ತಿತ್ತು, ಅದನ್ನು ರಾತ್ರಿಯ ನಿದ್ದೆ ತೀರಿಸಬಲ್ಲದು. ಆ ವಾರ ಸ್ಕೂಟರ್ ಓಡಿಸಬೇಡಿ ಅಂದಿದ್ದೆ. ಕೊನೆಗೆ ಹತ್ತೂವರೆಯಿಂದ ಆರಕ್ಕೆ ಬಂದು ನಿಂತರು. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ಗಾಡಿ ಓಡಿಸುವುದೇ ಕಸುಬಾದವರು ಇದನ್ನು ತಾವಾಗಿ ಮಾಡಬಾರದು. ಯಾರೇ ಆದರೂ ಐದೂವರೆ ಗಂಟೆಗಿಂತ ಕಮ್ಮಿ ಮಾಡಬಾರದು.

ಮಲಗಿಯೇ ಇರುವುದು ಮೈಯ ಕಸುವನ್ನೂ ಇಳಿಸುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆರೋಗ್ಯವಾಗಿದ್ದ ಐದು ಜನ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ನೋಡಿದರು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ವಯಸ್ಸಾದದ್ದರಿಂದ ಇಳಿದ ಕಸುವಿಗಿಂತ ಆ ಮೂರು ವಾರದಲ್ಲಿ ಇಳಿದಿದ್ದೇ ಜಾಸ್ತಿ ಇತ್ತು. ಹಾಗಂತ ಎಲ್ಲರಿಗೂ "ಎದ್ದು ವಾಕಿಂಗ್ ಮಾಡಿ" ಅನ್ನಲಾರೆ. ಸ್ವಲ್ಪ ಶ್ರಮ ಪಟ್ಟರೆ ಮಾರನೇ ದಿನವೋ ಅದರ ಮಾರನೇ ದಿನವೋ ಪೂರ್ತಿ ಕುಸಿದು ಹೋಗುವವರಿದ್ದಾರೆ, ಕೋವಿಡ್ ಆದಮೇಲೆ ಇಂಥವರು ಜಾಸ್ತಿ ಕಾಣುತ್ತಾರೆ. ಅವರು ತಮ್ಮ ಮಿತಿಯೊಳಗೇ ಇರಬೇಕು, ಹಟ ಹಿಡಿದು ವ್ಯಾಯಾಮ ಮಾಡಿದರೆ ಕೆಡುತ್ತದೆ.

ನೀವು ಒಂದು ವಾರ ಬರೆದಿಡಿ: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿದ ಅಂದಾಜು ಹೊತ್ತು, ನಡುವೆ ಎಚ್ಚರವಾಗಿದ್ದು, ಎದ್ದಿದ್ದು, ಮತ್ತೆ ಸುಸ್ತು ಕೂತಾಗ ಜಾಸ್ತಿಯೋ ಕೆಲಸ ಮಾಡುವಾಗ ಜಾಸ್ತಿಯೋ ಅನ್ನುವುದು. ಆ ಹಾಳೆ ಹಿಡಿದುಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ. ಯಾವುದರಲ್ಲೂ ಆಸಕ್ತಿ ಇಲ್ಲ, ಬೆಳಗಿನ ಜಾವವೇ ಎಚ್ಚರವಾಗುತ್ತದೆ ಅನ್ನುವಂತಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ತೂಕ ಇಳಿಯುತ್ತಿದ್ದರೆ, ಜ್ವರ ಬಿಡದಿದ್ದರೆ, ಕಾಲು ಊದಿದರೆ, ಉಸಿರು ಕಟ್ಟಿದರೆ ಒಂದು ವಾರ ಕಾಯಬೇಡಿ. ರಕ್ತಪರೀಕ್ಷೆಗೆ ಬರೆದುಕೊಟ್ಟರೆ ರಕ್ತಕಣ ಎಣಿಸುವ ಸಿಬಿಸಿ, ಥೈರಾಯ್ಡಿನ ಟಿಎಸ್ಎಚ್, ಶುಗರ್ ಜೊತೆ ಫೆರಿಟಿನ್ನೂ ಇದೆಯಾ ನೋಡಿ, ಎಷ್ಟೋ ಚೆಕಪ್ ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ. ನೀವು ಸಸ್ಯಾಹಾರಿಯಾದರೆ ಬಿ12 ಕೂಡ ಕೇಳಿ. ಒಂದು ಮಾತು: ಜ್ವರ ಬಂದಾಗ, ಬಿಟ್ಟ ಹೊಸತರಲ್ಲಿ ಫೆರಿಟಿನ್ ಸುಳ್ಳೇ ಏರಿರುತ್ತದೆ. ಎರಡು ಮೂರು ವಾರ ಬಿಟ್ಟು ಮಾಡಿಸಿ.